ಸೋಮವಾರದ ತೂಕವೂ ಎಡಗೈಯ ನಾಡಿಯೂ
(ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೂ ಅವರ ಮನೆಯವರಿಗೂ ಒಂದು ಪಾಠ)



ಕಿಡ್ನಿ ಕೆಟ್ಟು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆಂದು ಬೆಳಗಿನ ಬಸ್ಸು ಹತ್ತುವವರು ಈಗ ಅನೇಕ ಹಳ್ಳಿಗಳಲ್ಲಿ ಇದ್ದಾರೆ. 2016ರಲ್ಲಿ ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾದ ಮೇಲೆ ಸರ್ಕಾರಿ ಆಸ್ಪತ್ರೆಗಳಲ್ಲಿ ಯಂತ್ರಗಳು ಹೆಚ್ಚಾಗಿವೆ. ಯಂತ್ರದ ಮುಂದೆ ಕಳೆಯುವ ನಾಲ್ಕು ಗಂಟೆಯ ಹೊಣೆಯನ್ನು ಆಸ್ಪತ್ರೆಯವರು ಹೊರುತ್ತಾರೆ. ಉಳಿದ ದಿನಗಳ ಹೊಣೆ ರೋಗಿಯದು ಮತ್ತು ಅವನ ಮನೆಯವರದು. ಆ ದಿನಗಳಲ್ಲಿ ನೋಡಿಕೊಳ್ಳಬೇಕಾದ ಎರಡು ಸಂಗತಿಗಳನ್ನು ಮಾತ್ರ ಇಲ್ಲಿ ತಿಳಿಸುತ್ತೇನೆ: ಒಂದು ಕುಡಿಯುವ ನೀರು, ಇನ್ನೊಂದು ಸೂಜಿ ಚುಚ್ಚುವ ಕೈ. ಇವೆರಡೂ ಬೇರೆ ಬೇರೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲವೆಂಬುದು ನನಗೆ ಒಬ್ಬ ರೈತರ ಮನೆಯಲ್ಲಿ ಮನವರಿಕೆಯಾಯಿತು. ಅವರ ಹೆಸರು ಬೇಡ, ಯಜಮಾನರು ಎಂದೇ ಕರೆಯೋಣ.

ಯಜಮಾನರಿಗೆ ವಯಸ್ಸು ಐವತ್ತರ ಹತ್ತಿರ. ಎರಡೆಕರೆ ರಾಗಿ ಹೊಲ, ಎರಡು ಹಸು. ಹತ್ತು ವರ್ಷದಿಂದ ರಕ್ತದೊತ್ತಡ ಇತ್ತು. ತಲೆನೋವಿಲ್ಲ, ಸುಸ್ತಿಲ್ಲ ಎಂದು ಮಾತ್ರೆಯನ್ನು ಮನಸ್ಸು ಬಂದಾಗ ನುಂಗುತ್ತಿದ್ದರು. ಸೊಂಟನೋವಿಗೆ ಅಂಗಡಿಯಲ್ಲಿ ಸಿಕ್ಕ ನೋವಿನ ಗುಳಿಗೆಗಳನ್ನೂ ತಿಂಗಳುಗಟ್ಟಲೆ ನುಂಗಿದ್ದರು. ಕಾಲು ಊದಿ, ಊಟ ಸೇರದೆ ಆಸ್ಪತ್ರೆಗೆ ಹೋದಾಗ ಎರಡು ಮೂತ್ರಪಿಂಡಗಳೂ ಬಹುಪಾಲು ಕೆಲಸ ನಿಲ್ಲಿಸಿದ್ದವು. ಇಂಥ ದೀರ್ಘಕಾಲದ ಕಿಡ್ನಿ ರೋಗದಲ್ಲಿ ಒಮ್ಮೆ ಸತ್ತ ಭಾಗ ಮತ್ತೆ ಚಿಗುರುವುದಿಲ್ಲ. ಹೀಗಾಗಿ ಸೋಮವಾರ, ಗುರುವಾರ ಡಯಾಲಿಸಿಸ್ ಎಂದು ಗೊತ್ತಾಯಿತು.

ಕೈಯಲ್ಲಿ ಮಾಡಿದ ಕಾಲುವೆ

ಡಯಾಲಿಸಿಸ್ ಯಂತ್ರಕ್ಕೆ ನಿಮಿಷಕ್ಕೆ 250ರಿಂದ 300 ಮಿಲಿಲೀಟರ್ ರಕ್ತ ಹರಿದು ಬರಬೇಕು, ಶುದ್ಧವಾಗಿ ಅಷ್ಟೇ ವೇಗದಲ್ಲಿ ಹಿಂದಕ್ಕೆ ಹೋಗಬೇಕು. ಕೈಯ ಮೇಲೆ ನೀಲಿಯಾಗಿ ಕಾಣುವ ನರಗಳಲ್ಲಿ ಅಷ್ಟು ಹರಿವಿಲ್ಲ. ಹರಿವಿರುವ ಶುದ್ಧರಕ್ತನಾಳ ಆಳದಲ್ಲಿದೆ, ಅದಕ್ಕೆ ಪದೇ ಪದೇ ಸೂಜಿ ಚುಚ್ಚುವಂತಿಲ್ಲ. ಆದ್ದರಿಂದ ಶಸ್ತ್ರವೈದ್ಯರು ಮಣಿಕಟ್ಟಿನ ಬಳಿ ಆಳದ ನಾಳಕ್ಕೆ ಮೇಲಿನ ನರವನ್ನು ಸೇರಿಸಿ ಹೊಲಿಯುತ್ತಾರೆ. ದೊಡ್ಡ ನಾಲೆಯ ಏರಿಯನ್ನು ಒಂದು ಕಡೆ ಕಡಿದು ಸಣ್ಣ ಕಾಲುವೆಗೆ ನೀರು ತಿರುಗಿಸಿದಂತೆ ಇದು. ರಭಸದ ರಕ್ತ ಹರಿಯತೊಡಗಿದರೆ ಆ ನರ ಆರೆಂಟು ವಾರಗಳಲ್ಲಿ, ಕೆಲವರಲ್ಲಿ ಇನ್ನೂ ನಿಧಾನವಾಗಿ, ದಪ್ಪವಾಗಿ ಗಟ್ಟಿಯಾಗುತ್ತದೆ. ಇದಕ್ಕೆ ಫಿಸ್ಟುಲಾ ಎಂದು ಹೆಸರು. 1966ರಲ್ಲಿ ನ್ಯೂಯಾರ್ಕಿನ ಬ್ರೆಸಿಯಾ, ಸಿಮಿನೊ ಮತ್ತು ಅವರ ಸಂಗಡಿಗರು ಇದನ್ನು ವರದಿ ಮಾಡಿದರು. ಇಷ್ಟು ವರ್ಷ ಕಳೆದರೂ ಡಯಾಲಿಸಿಸ್‌ಗೆ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ.

ಬಲಗೈಯಲ್ಲಿ ಕೆಲಸ ಮಾಡುವವರಿಗೆ ಸಾಮಾನ್ಯವಾಗಿ ಎಡಗೈಯಲ್ಲಿ ಫಿಸ್ಟುಲಾ ಮಾಡುತ್ತಾರೆ. ಯಜಮಾನರಿಗೂ ಎಡಗೈಯಲ್ಲೇ ಆಯಿತು. ಚೆನ್ನಾಗಿರುವ ಫಿಸ್ಟುಲಾದ ಮೇಲೆ ಮೂರು ಬೆರಳಿಟ್ಟರೆ ನೀರೆತ್ತುವ ಮೋಟಾರಿನ ಪೈಪನ್ನು ಮುಟ್ಟಿದ ಹಾಗೆ ಒಂದೇ ಸಮನೆ ಜುಮುಜುಮು ಎನ್ನುವ ಅದುರು ಕೈಗೆ ತಿಳಿಯುತ್ತದೆ. ಕಿವಿಯಿಟ್ಟರೆ ಝೂಂ ಎಂಬ ಸದ್ದು ಕೇಳುತ್ತದೆ. ರಕ್ತ ಹರಿಯುತ್ತಿದೆ ಎಂಬುದಕ್ಕೆ ಇದೇ ಗುರುತು. ಇದನ್ನು ಬೆಳಿಗ್ಗೆ ಏಳುತ್ತಲೂ ರಾತ್ರಿ ಮಲಗುವಾಗಲೂ ಮುಟ್ಟಿ ನೋಡಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಮೊದಲ ತಿಂಗಳು ಯಜಮಾನರು ನೋಡಿದರು. ಆಮೇಲೆ ರೂಢಿ ತಪ್ಪಿತು.

ಒಂದು ಸೋಮವಾರ

ಯಜಮಾನರ ಒಣ ತೂಕ 54 ಕಿಲೋ. ಮೈಯಲ್ಲಿ ಹೆಚ್ಚಿನ ನೀರಿಲ್ಲದೆ, ಊತವಿಲ್ಲದೆ, ಉಸಿರು ಸಲೀಸಾಗಿರುವಾಗಿನ ತೂಕಕ್ಕೆ ಒಣ ತೂಕ ಎನ್ನುತ್ತಾರೆ. ಅದನ್ನು ವೈದ್ಯರು ಗೊತ್ತುಮಾಡುತ್ತಾರೆ. ಒಂದು ಗುರುವಾರ ಅವರು 54 ಕಿಲೋ ಇದ್ದು ಮನೆಗೆ ಬಂದರು. ಗುರುವಾರದಿಂದ ಸೋಮವಾರದವರೆಗೆ ನಾಲ್ಕು ದಿನದ ಅಂತರ. ವಾರದಲ್ಲಿ ಭಯಪಡಬೇಕಾದ ಅಂತರ ಇದೇ. ಸೋಮವಾರ ತಕ್ಕಡಿ 58.4 ತೋರಿಸಿತು. ನಾಲ್ಕು ದಿನದಲ್ಲಿ ಯಾರೂ ನಾಲ್ಕು ಕಿಲೋ ಮಾಂಸ ಬೆಳೆಸುವುದಿಲ್ಲ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಅಂದರೆ 4.4 ಲೀಟರ್ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಅವರ ರಕ್ತದಲ್ಲಿ, ಕಾಲಿನಲ್ಲಿ, ಶ್ವಾಸಕೋಶದಲ್ಲಿ ನಿಂತಿತ್ತು.

ಯಂತ್ರ ನೀರನ್ನು ರಕ್ತದಿಂದ ಮಾತ್ರ ತೆಗೆಯಬಲ್ಲದು. ಕಾಲಿನಲ್ಲಿ ನಿಂತ ನೀರು ಮೊದಲು ರಕ್ತಕ್ಕೆ ಬರಬೇಕು, ಅದು ಬರುವುದು ನಿಧಾನ. ಬಾವಿಯ ಊಟೆಗಿಂತ ವೇಗವಾಗಿ ಪಂಪು ಓಡಿಸಿದರೆ ಬಾವಿ ಬರಿದಾಗುವುದಿಲ್ಲವೇ? ಇಲ್ಲಿಯೂ ಹಾಗೆಯೇ. ಒಣ ತೂಕದ ಪ್ರತಿ ಕಿಲೋಗೆ ಗಂಟೆಗೆ 13 ಮಿಲಿಲೀಟರಿಗಿಂತ ಹೆಚ್ಚು ತೆಗೆದರೆ ಹೃದಯಕ್ಕೆ ಅಪಾಯ ಹೆಚ್ಚೆಂದು ವೈದ್ಯರು ಹೇಳುತ್ತಾರೆ. 54 ಕಿಲೋ ಮನುಷ್ಯನಿಗೆ ಇದು ಗಂಟೆಗೆ ಸುಮಾರು 700 ಮಿಲಿಲೀಟರ್, ನಾಲ್ಕು ಗಂಟೆಗೆ 2.8 ಲೀಟರ್. ಯಜಮಾನರು ತಂದಿದ್ದು 4.4 ಲೀಟರ್. ಉಸಿರು ಕಟ್ಟುತ್ತಿದ್ದುದರಿಂದ ಸಿಬ್ಬಂದಿಯವರು ಹೆಚ್ಚು ವೇಗದಲ್ಲೇ ತೆಗೆಯಬೇಕಾಯಿತು. ಮೂರನೆಯ ಗಂಟೆಯಲ್ಲಿ ಮೀನಖಂಡ ಹಿಡಿದುಕೊಂಡು ಯಜಮಾನರು ಕೂಗಿಕೊಂಡರು, ಮೈ ಬೆವರಿತು, ರಕ್ತದೊತ್ತಡ ಕುಸಿಯಿತು. ನೀರು ತೆಗೆಯುವುದನ್ನು ನಿಲ್ಲಿಸಿ, ಕಾಲು ಮೇಲೆತ್ತಿ ಮಲಗಿಸಿ, ಬೇಗ ಮುಗಿಸಿದರು. ಒಂದೂವರೆ ಲೀಟರ್ ನೀರು ಮೈಯಲ್ಲೇ ಉಳಿಯಿತು.

ಅಂದು ರಾತ್ರಿ ಆಯಾಸದಿಂದ ಅವರು ಎಡಗೈಯನ್ನೇ ತಲೆದಿಂಬು ಮಾಡಿಕೊಂಡು ಮಲಗಿದರು. ಸೂಜಿ ತೆಗೆದ ಜಾಗದಲ್ಲಿ ಕಟ್ಟಿದ್ದ ಪಟ್ಟಿಯನ್ನು ಸಂಜೆಗೇ ಬಿಚ್ಚಬೇಕಾಗಿತ್ತು, ಬಿಚ್ಚಲಿಲ್ಲ. ರಕ್ತದೊತ್ತಡ ಕುಸಿದರೆ ಫಿಸ್ಟುಲಾದಲ್ಲಿ ಹರಿವು ತಗ್ಗುತ್ತದೆ. ನಿಧಾನವಾಗಿ ಹರಿಯುವ ರಕ್ತವನ್ನು ಮೇಲಿಂದ ಅಮುಕಿದರೆ ಅದು ಹೆಪ್ಪುಗಟ್ಟುತ್ತದೆ. ಮಂಗಳವಾರ ಬೆಳಿಗ್ಗೆ ಕೈಯಲ್ಲಿ ಅದುರು ಇರಲಿಲ್ಲ. ಹೀಗೆ ಕುಡಿದ ನೀರಿನ ಫಲವನ್ನು ಕೈ ಅನುಭವಿಸಿತು.

ಅಂದೇ ಹೊರಟಿದ್ದರೆ ಹೆಪ್ಪು ತೆಗೆಸಿ ಉಳಿಸಿಕೊಳ್ಳುವ ಅವಕಾಶವಿತ್ತು. ಒಂದೆರಡು ದಿನ ಕಳೆದರೆ ಆ ಅವಕಾಶ ಬಹಳ ಕಡಮೆಯಾಗುತ್ತದೆ. ಆದರೆ ಕೈ ನೋಯುತ್ತಿದೆಯೆಂದು ಯಾರೋ ಹೇಳಿದ್ದನ್ನು ಕೇಳಿ ಎಣ್ಣೆ ಹಚ್ಚಿ ನೀವಿದರು, ಬಿಸಿ ಉಪ್ಪಿನ ಗಂಟಿನಿಂದ ಶಾಖ ಕೊಟ್ಟರು. ಹೇಗೂ ಗುರುವಾರ ಹೋಗುತ್ತೇವಲ್ಲ ಎಂದು ಕಾದರು. ಗುರುವಾರ ಆ ಕೈ ಪ್ರಯೋಜನಕ್ಕೆ ಬರಲಿಲ್ಲ. ಕುತ್ತಿಗೆಯ ದೊಡ್ಡ ನರಕ್ಕೆ ಕೊಳವೆ ಹಾಕಿ ಡಯಾಲಿಸಿಸ್ ಮಾಡಬೇಕಾಯಿತು. ಆ ಕೊಳವೆಯೊಂದಿಗೆ ಅವರು ಮೂರು ತಿಂಗಳು ಕಳೆದರು. ತಲೆಗೆ ನೀರು ಹಾಕಿಕೊಳ್ಳುವಂತಿಲ್ಲ, ಕೊಟ್ಟಿಗೆಗೆ ಹೋದರೆ ಅಂಜಿಕೆ. ಕೊಳವೆಯ ಮೂಲಕ ಸೋಂಕು ನೇರವಾಗಿ ರಕ್ತಕ್ಕೆ ಇಳಿದು ಒಮ್ಮೆ ಚಳಿಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದರು. ಅಷ್ಟರಲ್ಲಿ ಅದೇ ಎಡಗೈಯ ಮೊಣಕೈ ಬಳಿ ಹೊಸ ಫಿಸ್ಟುಲಾ ಮಾಡಿದರು. ಒಬ್ಬ ಮನುಷ್ಯನ ಎರಡು ಕೈಗಳಲ್ಲಿ ಇದಕ್ಕೆ ತಕ್ಕ ಜಾಗಗಳು ಕೆಲವೇ ಇರುತ್ತವೆ. ಅವರು ಒಂದನ್ನು ಕಳೆದುಕೊಂಡಿದ್ದರು.

"ನೀರೇ ಕುಡಿಯಲಿಲ್ಲ ಸಿಸ್ಟರ್"

ಆ ಸೋಮವಾರ ಸಿಸ್ಟರು ಕೇಳಿದಾಗ ಯಜಮಾನರ ಹೆಂಡತಿ ಹೇಳಿದ ಮಾತಿದು: "ನೀರೇ ಕುಡಿಯಲಿಲ್ಲ ಸಿಸ್ಟರ್, ದಿನಕ್ಕೆ ಎರಡೇ ಲೋಟ." ಆಕೆ ಸುಳ್ಳು ಹೇಳಲಿಲ್ಲ. ನಮ್ಮ ಕಡೆ ನೀರೆಂದರೆ ಬರಿಯ ನೀರು. ಕಾಫಿ ಕಾಫಿ, ಸಾರು ಸಾರು, ಅಂಬಲಿ ಊಟ. ಕೆಟ್ಟ ಮೂತ್ರಪಿಂಡಕ್ಕೆ ಮಾತ್ರ ಈ ಭೇದ ತಿಳಿಯದು.

ಹೊಸ ಫಿಸ್ಟುಲಾ ಆದ ಮೇಲೆ ನಾನು ಅವರ ಮನೆಗೆ ಹೋಗಿ, ಔಷಧಿ ಅಂಗಡಿಯಿಂದ ತಂದ ಅಳತೆ ಲೋಟದಿಂದ ಮನೆಯ ಪಾತ್ರೆಗಳನ್ನೆಲ್ಲ ಅಳೆದೆ. ಕಾಫಿ, ಟೀ ಸೇರಿ ದಿನಕ್ಕೆ ಮೂರು ಸಲ, ಒಂದೊಂದು ಲೋಟ 150 ಮಿಲಿಲೀಟರ್: 450. ಬೆಳಗಿನ ಅಂಬಲಿ 300. ಎರಡು ಹೊತ್ತು ಮುದ್ದೆಯೊಡನೆ ಸಾರು, ಹೊತ್ತಿಗೆ 200ರಂತೆ 400. ಮಧ್ಯಾಹ್ನದ ಮಜ್ಜಿಗೆ 250. ಮಾತ್ರೆ ನುಂಗಲು ಎರಡು ಸಲ 100ರಂತೆ 200. ಕೊನೆಗೆ ಆಕೆ ಹೇಳಿದ ಎರಡು ಲೋಟ ನೀರು 300. ಎಲ್ಲ ಕೂಡಿ 1,900 ಮಿಲಿಲೀಟರ್. ಬರಿಯ ನೀರು ಅದರಲ್ಲಿ ಆರನೆಯ ಒಂದು ಪಾಲೂ ಇಲ್ಲ.

ಎಷ್ಟು ಕುಡಿಯಬಹುದು? ಸಾಮಾನ್ಯವಾದ ಲೆಕ್ಕ ಹೀಗಿದೆ. ಹಿಂದಿನ ಇಪ್ಪತ್ತನಾಲ್ಕು ಗಂಟೆಯಲ್ಲಿ ಎಷ್ಟು ಮೂತ್ರ ಹೋಯಿತೋ ಅಷ್ಟು, ಅದರ ಮೇಲೆ 500 ಮಿಲಿಲೀಟರ್. ಉಸಿರು ಮತ್ತು ಚರ್ಮದ ಮೂಲಕ ಹೋಗುವ ನೀರಿಗೆ ಈ 500. ಮುದ್ದೆ, ಅನ್ನ, ಪಲ್ಯಗಳ ಒಳಗಿರುವ ನೀರನ್ನು ಲೆಕ್ಕಮಾಡಿಯೇ ಈ ಅಂಕಿಯನ್ನು ಇಷ್ಟು ಸಣ್ಣದಾಗಿ ಇಟ್ಟಿದ್ದಾರೆ. ಆದ್ದರಿಂದ ಗಟ್ಟಿ ಆಹಾರವನ್ನು ಮತ್ತೆ ಎಣಿಸಬೇಕಾಗಿಲ್ಲ. ಯಜಮಾನರಿಗೆ ಡಬ್ಬಿಯಲ್ಲಿ ಅಳೆದಾಗ ದಿನಕ್ಕೆ 300 ಮಿಲಿಲೀಟರ್ ಮೂತ್ರ ಬರುತ್ತಿತ್ತು. 300ಕ್ಕೆ 500 ಕೂಡಿಸಿದರೆ 800. ಅವರು ಕುಡಿಯುತ್ತಿದ್ದುದು 1,900, ಅಂದರೆ ದಿನಕ್ಕೆ 1,100 ಹೆಚ್ಚು. ನಾಲ್ಕು ದಿನಕ್ಕೆ 4,400. ತಕ್ಕಡಿ ಹೇಳಿದ್ದೂ ಅದನ್ನೇ. ಎಲ್ಲರಲ್ಲಿಯೂ ಲೆಕ್ಕ ಇಷ್ಟು ನೇರವಾಗಿ ಕೂಡುವುದಿಲ್ಲ. ಬೇಸಿಗೆಯಲ್ಲಿ ಬೆವರು ಹೆಚ್ಚು, ಮಳೆಗಾಲದಲ್ಲಿ ಕಡಮೆ, ಕೆಲವರಿಗೆ ಮೂತ್ರ ಪೂರ್ತಿ ನಿಂತಿರುತ್ತದೆ. ನಿಮ್ಮ ಅಂಕಿಯನ್ನು ನಿಮ್ಮ ವೈದ್ಯರಿಂದಲೇ ಕೇಳಿ ತಿಳಿಯತಕ್ಕದ್ದು. ಡಯಾಲಿಸಿಸ್ ಇನ್ನೂ ಬೇಕಾಗಿರದ ಕಿಡ್ನಿ ರೋಗಿಗಳು ಈ ಲೆಕ್ಕವನ್ನು ತಮಗೆ ತಾವೇ ಹಾಕಿಕೊಂಡು ನೀರು ಬಿಡಕೂಡದು.

ಬಾಟಲಿಯ ಉಪಾಯ ಇದು. ದಿನವೂ ಬೆಳಿಗ್ಗೆ ಒಂದು ಲೀಟರಿನ ಬಾಟಲಿಯಲ್ಲಿ 800 ಮಿಲಿಲೀಟರ್ ಗುರುತಿನವರೆಗೆ ನೀರು ತುಂಬಿಡಬೇಕು. ಕಾಫಿ ಕುಡಿದರೆ ಕಾಫಿಯಷ್ಟು ನೀರನ್ನು ಬಾಟಲಿಯಿಂದ ಗಿಡಕ್ಕೆ ಸುರಿಯಬೇಕು. ಸಾರು ಉಂಡರೆ ಸಾರಿನಷ್ಟು. ಬಾಯಾರಿದರೆ ಬಾಟಲಿಯಿಂದಲೇ ಕುಡಿಯಬೇಕು. ಬಾಟಲಿ ಬರಿದಾದರೆ ಅಂದಿನ ಪಾಲು ಮುಗಿಯಿತು. ಓದು ಬಾರದ ಮನೆಯಲ್ಲೂ ಇದು ನಡೆಯುತ್ತದೆ. ಯಜಮಾನರ ಮನೆಯಲ್ಲಿ 150ರ ಲೋಟದ ಬದಲು 80 ಮಿಲಿಲೀಟರಿನ ಸಣ್ಣ ಲೋಟ ಬಂತು, ಕಾಫಿ ಎರಡೇ ಸಲವಾಯಿತು. ಅಂಬಲಿ ಬಿಟ್ಟು ರಾಗಿ ರೊಟ್ಟಿಗೆ ತಿರುಗಿದರು. ಸಾರಿನ ಜಾಗಕ್ಕೆ ಗಟ್ಟಿ ಗೊಜ್ಜು ಬಂತು. ಮಾತ್ರೆಗಳನ್ನು, ವೈದ್ಯರನ್ನು ಕೇಳಿಕೊಂಡು, ಊಟದ ಕೊನೆಯ ತುತ್ತಿನ ಜೊತೆ ನುಂಗತೊಡಗಿದರು.

ಆದರೂ ಮೊದಲ ವಾರ ಅವರು ಸೋತರು. ಮೂರನೆಯ ದಿನ ರಾತ್ರಿ ಎದ್ದು ಹಂಡೆಯಿಂದ ಮೊಗೆದು ಕುಡಿದರಂತೆ. "ಗಂಟಲು ಒಣಗಿ ಪ್ರಾಣ ಹೋದಂಗಾಯ್ತು ಸ್ವಾಮಿ, ಏನ್ ಮಾಡ್ಲಿ" ಎಂದರು. ಅವರನ್ನು ಬಯ್ಯುವುದರಲ್ಲಿ ಅರ್ಥವಿರಲಿಲ್ಲ. ತಟ್ಟೆಯಲ್ಲಿ ಉಪ್ಪಿನಕಾಯಿ ಇತ್ತು, ಹಪ್ಪಳವಿತ್ತು, ಬಾಳಕದ ಮೆಣಸಿನಕಾಯಿ ಇತ್ತು. ನೀರನ್ನು ಮಾತ್ರ ಕಟ್ಟಿ ಉಪ್ಪನ್ನು ಬಿಟ್ಟರೆ ಯಾವ ಮನುಷ್ಯನಿಂದಲೂ ನೀರಿನ ಕಟ್ಟು ಪಾಲಿಸಲಾಗದು. ನಮ್ಮ ರಕ್ತದ ಉಪ್ಪಿನ ಹದಕ್ಕೆ ಲೀಟರಿಗೆ ಸುಮಾರು 9 ಗ್ರಾಂ ಉಪ್ಪು ಬೇಕು. ಮೈಯಿಂದ ಹೊರಬೀಳದ 9 ಗ್ರಾಂ ಉಪ್ಪು ಒಳಗೆ ಹೋದರೆ ಆ ಹದ ಬರುವವರೆಗೆ, ಅಂದರೆ ಹೆಚ್ಚುಕಡಮೆ ಒಂದು ಲೀಟರ್ ನೀರು ಕುಡಿಯುವವರೆಗೆ, ಬಾಯಾರಿಕೆ ಬಿಡುವುದಿಲ್ಲ. ದಿನಕ್ಕೆ ಎಲ್ಲ ಸೇರಿ ಒಂದು ಸಣ್ಣ ಚಮಚದಷ್ಟು, ಅಂದರೆ ಸುಮಾರು 5 ಗ್ರಾಂ ಉಪ್ಪು ಮೀರಬಾರದು. ಅವರ ಹೆಂಡತಿ ಯಜಮಾನರ ಪಾಲಿನ ಉಪ್ಪನ್ನು ಬೆಳಿಗ್ಗೆಯೇ ಒಂದು ಬಟ್ಟಲಲ್ಲಿ ತೆಗೆದಿಟ್ಟು, ಅವರ ಅಡಿಗೆಗೆ ಅದರಿಂದಲೇ ಹಾಕತೊಡಗಿದರು. ಹುಳಿಗೆ ನಿಂಬೆ, ಖಾರಕ್ಕೆ ಮೆಣಸು, ಒಗ್ಗರಣೆಗೆ ಬೆಳ್ಳುಳ್ಳಿ. ಹದಿನೈದು ದಿನದಲ್ಲಿ ನಾಲಗೆ ಒಗ್ಗಿತು. ಬಾಯಿ ಒಣಗಿದಾಗ ನೀರಿನಿಂದ ಮುಕ್ಕಳಿಸಿ ಉಗಿಯುವುದನ್ನೂ ಕಲಿತರು. ಸಕ್ಕರೆ ಕಾಯಿಲೆಯಿದ್ದವರಿಗೆ ಇನ್ನೊಂದು ಮಾತು: ರಕ್ತದಲ್ಲಿ ಸಕ್ಕರೆ ಏರಿದ್ದರೂ ಬಾಯಾರುತ್ತದೆ, ಅದನ್ನು ಉಪ್ಪಿನಿಂದ ಸರಿಪಡಿಸಲಾಗದು.

ಅಂಗಡಿಯಲ್ಲಿ "ಕಡಮೆ ಸೋಡಿಯಂ" ಎಂದು ಮಾರುವ ಉಪ್ಪನ್ನು ತರಲೇ ಎಂದು ಆಕೆ ಕೇಳಿದ್ದರು. ತರಕೂಡದು. ಅದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಬೆರೆಸಿರುತ್ತಾರೆ. ಡಯಾಲಿಸಿಸ್ ರೋಗಿಯ ರಕ್ತದಲ್ಲಿ ಅದು ಏರಿದರೆ ಹೃದಯ ಒಮ್ಮೆಗೇ ನಿಲ್ಲಬಹುದು. ಎಳನೀರಿಗೂ ಇದೇ ಮಾತು. ರೋಗಿಯನ್ನು ನೋಡಲು ಬರುವ ನೆಂಟರು ಪ್ರೀತಿಯಿಂದ ತರುವುದು ಎಳನೀರನ್ನೇ. ಅದನ್ನು ಮನೆಯ ಮಕ್ಕಳಿಗೆ ಕೊಡಿ.

ಹೊಸ ಕೈಯ ಕಾವಲು

ಈಗ ಯಜಮಾನರ ಎಡಗೈಗೆ ಮನೆಯಲ್ಲಿ ಕೆಲವು ಕಟ್ಟುಪಾಡುಗಳಿವೆ. ಆ ಕೈಗೆ ಕೊಡ, ಚೀಲ, ಹುಲ್ಲಿನ ಹೊರೆ ನೇತು ಹಾಕುವುದಿಲ್ಲ. ಹಸುವಿನ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳುವುದಿಲ್ಲ, ಗಡಿಯಾರ, ಬಿಗಿ ತೋಳಿನ ಅಂಗಿ, ದೇವರ ದಾರ ಇವೆಲ್ಲ ಬಲಗೈಗೆ ಹೋದವು. ರಾಗಿ ಕೊಯ್ಲಿಗೆ ಅವರು ಇಳಿಯುವುದಿಲ್ಲ. ಕುಡುಗೋಲು ಹಿಡಿಯುವುದು ಬಲಗೈ, ತೆನೆ ಹಿಡಿಯುವುದು ಎಡಗೈ. ಕುಡುಗೋಲು ಜಾರಿದರೆ ಏಟು ಬೀಳುವುದು ಎಡಗೈಗೇ. ಆದರೆ ಕೈಯನ್ನು ಜೋಳಿಗೆಯಲ್ಲಿಟ್ಟು ಸುಮ್ಮನೆ ಕೂರುವುದೂ ಸಲ್ಲದು. ಹೊಲಿಗೆ ಮಾಗಿದ ಮೇಲೆ, ವೈದ್ಯರು ಹೇಳಿದಂತೆ, ಮೆತ್ತನೆಯ ರಬ್ಬರ್ ಚೆಂಡನ್ನು ದಿನಕ್ಕೆ ಹಲವು ಸಲ ಹಿಸುಕಿದರು. ಹಗುರ ಕೆಲಸಕ್ಕೆ ಅಡ್ಡಿಯಿಲ್ಲ.

ಆ ಕೈಯಲ್ಲಿ ರಕ್ತದೊತ್ತಡ ನೋಡಕೂಡದು, ರಕ್ತ ತೆಗೆಯಕೂಡದು, ಗ್ಲೂಕೋಸ್ ಹಾಕಿಸಕೂಡದು. ಇದನ್ನು ರೋಗಿಯೇ ಹೇಳಬೇಕು. ಜ್ವರವೆಂದು ಹೋದ ಕಡೆ ಹೊಸ ಕಾಂಪೌಂಡರಿಗೆ ಇದು ತಿಳಿದಿರಲಿಕ್ಕಿಲ್ಲ. ಕಿಡ್ನಿ ರೋಗವಿದ್ದು ಇನ್ನೂ ಡಯಾಲಿಸಿಸ್ ಬೇಕಾಗಿರದವರೂ ಮುಂದಕ್ಕೆ ಬೇಕಾಗುವ ಎಡಗೈಯ ನರಗಳನ್ನು ಈಗಲೇ ಕಾಪಾಡಿಕೊಳ್ಳಬೇಕು. ಸೂಜಿಯ ಅವಶ್ಯಕತೆ ಬಿದ್ದರೆ ಬಲಗೈಯ ಹಿಂಬದಿಯಲ್ಲಿ ಚುಚ್ಚಲು ಕೇಳಿಕೊಳ್ಳಬಹುದು.

ಡಯಾಲಿಸಿಸ್‌ಗೆ ಕೂರುವ ಮುನ್ನ ಕೈಯನ್ನು ಮೊಣಕೈವರೆಗೆ, ಫಿಸ್ಟುಲಾ ಮೇಲಿದ್ದರೆ ಅದರ ಮೇಲಕ್ಕೂ, ಸಾಬೂನಿನಿಂದ ತೊಳೆಯಬೇಕು. ಸೂಜಿಯನ್ನು ಪ್ರತಿಸಲ ಹಿಂದಿನ ರಂಧ್ರದಿಂದ ಸ್ವಲ್ಪ ದೂರದಲ್ಲಿ ಚುಚ್ಚಿಸಿಕೊಳ್ಳಬೇಕು. ನೋವು ಕಡಮೆಯೆಂದು ಒಂದೇ ಕಡೆ ಚುಚ್ಚಿಸಿಕೊಂಡರೆ ಅಲ್ಲಿ ಚರ್ಮ ತೆಳುವಾಗಿ ಗುಳ್ಳೆಯಂತೆ ಉಬ್ಬುತ್ತದೆ. ಆ ಉಬ್ಬು ಹೊಳೆಯತೊಡಗಿದರೆ, ಮೇಲಿನ ಹಕ್ಕಳೆ ಬೀಳದೆ ದೊಡ್ಡದಾಗುತ್ತಿದ್ದರೆ, ಅಂದೇ ತೋರಿಸಬೇಕು. ಅದು ಒಡೆದರೆ ಕೆಲವೇ ನಿಮಿಷದಲ್ಲಿ ಜೀವ ಹೋಗುವಷ್ಟು ರಕ್ತ ಹರಿಯುತ್ತದೆ. ಒಡೆದರೆ ಮಾಡಬೇಕಾದ್ದು ಇಷ್ಟು: ಶುದ್ಧ ಬಟ್ಟೆಯ ಮಡಿಕೆಯನ್ನು ನೇರವಾಗಿ ತೂತಿನ ಮೇಲಿಟ್ಟು ಬೆರಳಿನಿಂದ ಬಲವಾಗಿ ಒತ್ತುವುದು, ಕೈಯನ್ನು ಎದೆಗಿಂತ ಮೇಲಕ್ಕೆ ಎತ್ತಿ ಹಿಡಿಯುವುದು, 108ಕ್ಕೆ ಕರೆಮಾಡಿಸುವುದು. ನಿಂತಿತೇ ಎಂದು ನಡುವೆ ತೆಗೆದು ನೋಡಬಾರದು. ದಪ್ಪ ಟವೆಲು ಸುತ್ತಿ ಕೂತರೆ ರಕ್ತ ಟವೆಲಿನೊಳಗೇ ಹರಿಯುತ್ತಿರುತ್ತದೆ, ಕಣ್ಣಿಗೆ ಕಾಣದು. ಸೂಜಿಯ ಜಾಗ ಕೆಂಪಾಗಿ ಬಿಸಿಯಾದರೆ, ಕೀವು ಕಂಡರೆ, ಚಳಿಜ್ವರ ಬಂದರೆ ಆಗಲೂ ಮುಂದಿನ ಸರದಿಗೆ ಕಾಯಬಾರದು.

ಅದುರು ನೋಡುವ ಕೆಲಸವನ್ನು ಈಗ ಅವರ ಮಗಳು ವಹಿಸಿಕೊಂಡಿದ್ದಾಳೆ. ಶಾಲೆಗೆ ಹೊರಡುವ ಮುನ್ನ ಅಪ್ಪನ ಕೈ ಮುಟ್ಟಿ "ಐತೆ" ಎನ್ನುತ್ತಾಳೆ. ವಾಂತಿಭೇದಿಯಾದ ದಿನ, ಡಯಾಲಿಸಿಸ್‌ನಲ್ಲಿ ಒತ್ತಡ ಕುಸಿದ ದಿನ ರಾತ್ರಿಯೂ ಎದ್ದು ನೋಡಬೇಕೆಂದು ಆಕೆಗೆ ಹೇಳಿದ್ದೇನೆ. ಅದುರು ನಿಂತು ಬರಿಯ ನಾಡಿಬಡಿತದಂತೆ ಟಕ್ ಟಕ್ ಎನ್ನತೊಡಗಿದರೂ ಮುಂದೆ ಎಲ್ಲೋ ದಾರಿ ಕಟ್ಟುತ್ತಿದೆ ಎಂದು ಅರ್ಥ. ಎರಡರಲ್ಲಿ ಯಾವುದಾದರೂ ಕೂಡಲೇ ಡಯಾಲಿಸಿಸ್ ಕೇಂದ್ರಕ್ಕೆ ಫೋನು ಮಾಡಿ, ಆಗಲೇ ಹೊರಡಬೇಕು.

ಮನೆಯಲ್ಲಿ ಒಂದು ತೂಕದ ಯಂತ್ರ ಕೊಂಡಿದ್ದಾರೆ. ಬೆಳಿಗ್ಗೆ ಬಹಿರ್ದೆಸೆಗೆ ಹೋಗಿ ಬಂದ ಮೇಲೆ, ಒಂದೇ ತರಹದ ಬಟ್ಟೆಯಲ್ಲಿ ನಿಂತು ತೂಕ ನೋಡಿ ಕ್ಯಾಲೆಂಡರಿನ ಚೌಕದಲ್ಲಿ ಬರೆಯುತ್ತಾರೆ. ಒಂದು ದಿನಕ್ಕೆ 700 ಗ್ರಾಂಗಿಂತ ಹೆಚ್ಚು ಏರಿದರೆ ಅಂದು ಕಾಫಿ ಇಲ್ಲ. ಅಂಗಾತ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವಂತಾದರೆ, ಅದು ಯಾವ ವಾರವೇ ಆಗಿರಲಿ, ಎಷ್ಟು ಹೊತ್ತೇ ಆಗಿರಲಿ, ಆಸ್ಪತ್ರೆಗೆ ಹೋಗಬೇಕೆಂದು ಗೋಡೆಯ ಮೇಲೆ ಮಗಳು ದಪ್ಪಕ್ಷರದಲ್ಲಿ ಬರೆದಿದ್ದಾಳೆ. ಹೋದ ಸೋಮವಾರ ಯಜಮಾನರು ತಕ್ಕಡಿ ಹತ್ತಿದಾಗ 56.3 ಇತ್ತು. ನಾಲ್ಕು ಗಂಟೆಯಲ್ಲಿ 2.3 ಲೀಟರ್ ತೆಗೆದರು. ಕಾಲು ಹಿಡಿಯಲಿಲ್ಲ, ಸಂಜೆಯ ಬಸ್ಸಿಗೇ ಮನೆಗೆ ಬಂದು ಹಸುಗಳಿಗೆ ಹುಲ್ಲು ಹಾಕಿದರು, ಬಲಗೈಯಲ್ಲಿ.